ಡಿಎಫ್‌ಟಿ ಲೆಕ್ಕದಲ್ಲಿ ಸಿಲಿಕಾನ್ ಗ್ಯಾಪ್ ಅರ್ಧಕ್ಕೆ ಇಳಿಯುವುದೇಕೆ?

ಡಿಎಫ್‌ಟಿಯ ಪಿಬಿಇ ಅಂದಾಜಿನಲ್ಲಿ ಸಿಲಿಕಾನ್ ಬ್ಯಾಂಡ್ ಗ್ಯಾಪ್ 0.6 ಇವಿ ಬಂತು, ಪ್ರಯೋಗದಲ್ಲಿ 1.17. ಕೆ-ಪಾಯಿಂಟ್ ಜಾಸ್ತಿ ಮಾಡಿದರೂ ಅಷ್ಟೇ. ಎಲ್ಲಿ ತಪ್ಪಿದೆ?

ನಿಮ್ಮ ಲೆಕ್ಕ ಸರಿಯಾಗಿದೆ. ಪಿಬಿಇ ಕೊಡುವುದೇ ಅಷ್ಟು. ಕೆ-ಪಾಯಿಂಟ್ ಹೆಚ್ಚಿಸಿದರೆ ಅದೇ 0.6 ಇನ್ನಷ್ಟು ಗಟ್ಟಿಯಾಗುತ್ತದೆ, ಅಲ್ವಾ?

ಡಿಎಫ್‌ಟಿಯಲ್ಲಿ ಒಂದನ್ನೊಂದು ತಳ್ಳುವ ನಿಜವಾದ ಎಲೆಕ್ಟ್ರಾನ್‌ಗಳ ಬದಲು, ತಮ್ಮ ಪಾಡಿಗೆ ತಾವಿರುವ ಕಲ್ಪಿತ ಎಲೆಕ್ಟ್ರಾನ್‌ಗಳನ್ನು ಇಟ್ಟುಕೊಳ್ಳುತ್ತೇವೆ. ಎರಡರ ಸಾಂದ್ರತೆಯೂ ಒಂದೇ. ಇದು 1965ರ ಕೋನ್-ಶಾಮ್ ಉಪಾಯ. ಬಿಟ್ಟುಹೋದದ್ದನ್ನೆಲ್ಲ ಎಕ್ಸ್‌ಚೇಂಜ್-ಕೋರಿಲೇಶನ್ ಎಂಬ ಒಂದೇ ಮೂಟೆಗೆ ತುಂಬುತ್ತೇವೆ. ಅದರ ನಿಖರ ರೂಪ ಗೊತ್ತಿಲ್ಲ. ಎಲ್‌ಡಿಎ, ಪಿಬಿಇ ಎಲ್ಲ ಅಂದಾಜುಗಳು.

ಈಗ ಗ್ಯಾಪ್ ವಿಷಯ. ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯಿಂದ, ಒಂದನ್ನು ಸೇರಿಸಿದಾಗ ಹೊರಬರುವ ಶಕ್ತಿಯನ್ನು ಕಳೆಯಿರಿ. ಅದು ನಿಜವಾದ ಗ್ಯಾಪ್. ನೀವು ಓದಿದ್ದು ಕಲ್ಪಿತ ಎಲೆಕ್ಟ್ರಾನ್‌ಗಳ ಮಟ್ಟಗಳ ಅಂತರ. ಎಲೆಕ್ಟ್ರಾನ್ ಎಣಿಕೆ ಪೂರ್ಣಾಂಕ ದಾಟುವಾಗ ನಿಖರ ಪೊಟೆನ್ಶಿಯಲ್ ಪಟ್ಟನೆ ಒಂದು ಮೆಟ್ಟಿಲು ಮೇಲೇರುತ್ತದೆ. ಆ ಮೆಟ್ಟಿಲನ್ನೂ ಕೂಡಿಸಬೇಕು. ಪಿಬಿಇ ನುಣುಪಾದ ಸೂತ್ರ, ಅದರಲ್ಲಿ ಮೆಟ್ಟಿಲೇ ಇಲ್ಲ. ಸಾಲದ್ದಕ್ಕೆ ಎಲೆಕ್ಟ್ರಾನ್ ತನ್ನನ್ನೇ ತಾನು ಸ್ವಲ್ಪ ತಳ್ಳಿಕೊಂಡು ಅತಿಯಾಗಿ ಹರಡುತ್ತದೆ.

ಜರ್ಮೇನಿಯಂ ಹಾಕಿ ನೋಡಿ: ಗ್ಯಾಪ್ ಹೆಚ್ಚುಕಡಿಮೆ ಮಾಯ, ಅರೆವಾಹಕ ಲೋಹದಂತೆ ಕಾಣುತ್ತದೆ!

ಗ್ಯಾಪ್ ಸರಿಯಾಗಿ ಬೇಕಿದ್ದರೆ ಎಚ್‌ಎಸ್‌ಇ06 ಎಂಬ ಬೆರಕೆ ಸೂತ್ರವಿದೆ. ಅದು ಹತ್ತಿರದ ದೂರಗಳಲ್ಲಿ ಶೇ 25ರಷ್ಟು ಹಾರ್ಟ್ರೀ-ಫಾಕ್ ಎಕ್ಸ್‌ಚೇಂಜ್ ಬೆರೆಸುತ್ತದೆ. ಸಿಲಿಕಾನ್‌ಗೆ ಸುಮಾರು 1.15 ಬರುತ್ತದೆ. ಸಮಯ ಮಾತ್ರ ಹಲವು ಪಟ್ಟು ಹಿಡಿಯುತ್ತದೆ. ರಚನೆಯನ್ನು ಪಿಬಿಇಯಲ್ಲೇ ಸಡಿಲಿಸಿ, ಗ್ಯಾಪ್‌ಗೆ ಮಾತ್ರ ಇದನ್ನು ಬಳಸಿ.