ಬೈದು ಬರೆದವರಿಗೆ ಏನಂತ ಬರೆಯೋದು?

*ಸಂಪಾದಕರಿಗೆ ನಮಸ್ಕಾರ. ದಾವಣಗೆರೆ ವಿದ್ಯಾನಗರದ 24 ಮನೆಗಳ ಅಪಾರ್ಟ್‌ಮೆಂಟಿಗೆ ನಾನು ಕಾರ್ಯದರ್ಶಿ. ಸದಸ್ಯರೊಬ್ಬರು ಎಲ್ಲಾ ಮನೆಗಳಿಗೂ ಕಾಪಿ ಹಾಕಿ ನನಗೆ ಇಮೇಲ್ ಕಳಿಸಿದ್ದಾರೆ: “ರಾತ್ರಿ 11ಕ್ಕೆ ಬಂದ್ರೆ ನನ್ನ 7ನೇ ನಂಬರ್ ಜಾಗದಲ್ಲಿ ಯಾರದೋ ಕಾರು. ಕಾರು ರೋಡಲ್ಲಿ ಬಿಟ್ಟೆ. ಮೇಂಟೆನೆನ್ಸ್ ದುಡ್ಡು ತಿಂದು ಮಲಗಿದ್ದೀರಾ? ನಾಚಿಕೆ ಆಗಲ್ವಾ?” ಸಂಬಳವಿಲ್ಲದೆ ದುಡಿಯುವವನು ನಾನು. ಏನಂತ ಉತ್ತರ ಬರೆಯಲಿ?*
*— ಓದುಗರು, ದಾವಣಗೆರೆ*

ನಿಮಗೆ ನೋವಾಗಿದೆ, ಆಗಬೇಕಾದ್ದೇ. ಇವತ್ತು ರಾತ್ರಿ ಏನೂ ಬರೆಯಬೇಡಿ. ಬೆಳಿಗ್ಗೆ ಆ ಪತ್ರವನ್ನು ಮತ್ತೆ ಓದಿ, ಅದರಲ್ಲಿರುವ ಮೂರು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿಕೊಳ್ಳಿ. ಅವರ ಜಾಗದಲ್ಲಿ ಬೇರೆ ಕಾರು ನಿಂತಿತ್ತು ಅನ್ನೋದು ದೂರು. ದುಡ್ಡು ತಿಂದಿದ್ದೀರಿ ಅನ್ನೋದು ಆರೋಪ. ನಾಚಿಕೆ ಆಗಲ್ವಾ ಅನ್ನೋದು ಬೈಗುಳ. ದೂರಿಗೆ ಪೂರ್ತಿ ಉತ್ತರ ಕೊಡಿ, ಆರೋಪಕ್ಕೆ ಒಂದೇ ಮಾತು ಸಾಕು. ಬೈಗುಳದ ಪ್ರಸ್ತಾಪವೇ ಬೇಡ. “ಭಾಷೆ ಸರಿಯಿರಲಿ” ಅಂತ ಒಂದು ಸಾಲು ಸೇರಿಸಿದರೂ ಮುಂದಿನ ಪತ್ರ ಆ ಸಾಲಿನ ಮೇಲೇ ಬರುತ್ತದೆ, ಕಾರಿನ ವಿಷಯ ಅಲ್ಲಿಗೇ ನಿಂತುಹೋಗುತ್ತದೆ.

ಬರೆಯಲು ಕೂರುವ ಮೊದಲು ಕೆಳಗಿಳಿದು ವಾಚ್‌ಮನ್ ಹತ್ತಿರ ಇರುವ ಪುಸ್ತಕ ನೋಡಿ. ಆ ಕಾರು ಎಷ್ಟು ಹೊತ್ತಿಗೆ ಒಳಗೆ ಬಂತು, ಯಾರ ಮನೆಗೆ ಬಂತು ಅನ್ನೋದು ಗೊತ್ತಾಗದೆ ಬರೆದ ಉತ್ತರ ಎಷ್ಟೇ ಸಮಾಧಾನದ್ದಾಗಿದ್ದರೂ ಬರೀ ಸಮಾಧಾನವೇ. ಯಾರದೋ ಮನೆಗೆ ಬಂದ ನೆಂಟರ ಕಾರು ಅಂತ ತಿಳಿದರೆ ಆ ಮನೆಯವರ ಜೊತೆ ನೀವೇ ಮುಖಾಮುಖಿ ಮಾತಾಡಿ. ಆಮೇಲೆ ಹೀಗೆ ಬರೆಯಬಹುದು:

“ನಮಸ್ಕಾರ ಸರ್. ರಾತ್ರಿ 11ಕ್ಕೆ ಮನೆಗೆ ಬಂದ ಹೊತ್ತಲ್ಲಿ ಕಾರು ರಸ್ತೆಯಲ್ಲಿ ಬಿಡಬೇಕಾಗಿ ಬಂದದ್ದು ಬೇಸರದ ವಿಷಯವೇ. ಬೆಳಿಗ್ಗೆ ಪುಸ್ತಕ ನೋಡಿದೆ. ಅದು ಒಬ್ಬ ಸದಸ್ಯರ ಮನೆಗೆ ಬಂದ ನೆಂಟರ ಕಾರು, ರಾತ್ರಿ 8.40ಕ್ಕೆ ಒಳಗೆ ಬಂದಿದೆ. ಆ ಮನೆಯವರ ಜೊತೆ ಮಾತಾಡಿದ್ದೇನೆ. ಇವತ್ತಿನಿಂದ ಹೊರಗಿನ ಕಾರು ಬಂದರೆ ವಾಚ್‌ಮನ್ ಫೋನ್ ನಂಬರ್ ಬರೆದುಕೊಂಡೇ ಒಳಗೆ ಬಿಡುತ್ತಾರೆ. ನೆಂಟರ ಕಾರಿಗೆ ಬೇರೆ ಜಾಗ ಗುರುತು ಮಾಡುವ ವಿಷಯವನ್ನು ಮುಂದಿನ ಕಮಿಟಿ ಸಭೆಯಲ್ಲಿ ಇಡುತ್ತೇನೆ. ಮತ್ತೆ ಹೀಗಾದರೆ ಎಷ್ಟೊತ್ತಾದರೂ ನನಗೆ ಫೋನ್ ಮಾಡಿ. ಲೆಕ್ಕದ ಪುಸ್ತಕ ಭಾನುವಾರ ಬೆಳಿಗ್ಗೆ 10ಕ್ಕೆ ತೆರೆದಿಡುತ್ತೇನೆ, ದಯವಿಟ್ಟು ಬಂದು ನೋಡಿ.”

ಇದರಲ್ಲಿ ನೆಂಟರು ಬಂದ ಮನೆಯ ನಂಬರ್ ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಅದು ಬರಹದಲ್ಲಿ ಬಂದರೆ ಜಗಳ ನಿಮ್ಮನ್ನು ಬಿಟ್ಟು ಎರಡು ಮನೆಗಳ ನಡುವೆ ಶುರುವಾಗುತ್ತದೆ. ನೆಂಟರಿಗೆ ಜಾಗ ಕೊಟ್ಟೇ ಕೊಡುತ್ತೇನೆ ಅನ್ನುವ ಮಾತೂ ಇಲ್ಲ, ಅದು ಕಮಿಟಿ ತೀರ್ಮಾನಿಸಬೇಕಾದದ್ದು. ಫೋನ್ ನಂಬರ್ ಬರೆಸುವುದು ನಿಮ್ಮ ಕೈಲಿದೆ, ಹಾಗಾಗಿ ಅದನ್ನು ಇವತ್ತಿನಿಂದಲೇ ಅಂದಿದೆ.

“ಅದು ನಿಮ್ಮ ಸ್ವಂತ ಜಾಗ” ಅಂತಲೂ ಬರೆಯಬೇಡಿ, “ಅದು ನಿಮ್ಮದಲ್ಲ” ಅಂತಲೂ ಬೇಡ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪಾರ್ಕಿಂಗ್ ಜಾಗವನ್ನು ಎಲ್ಲರಿಗೂ ಸೇರಿದ ಜಾಗಗಳ ಲೆಕ್ಕಕ್ಕೆ ಸೇರಿಸುತ್ತದೆ. ಆ ಕಾಯ್ದೆಯಡಿ ಅಪಾರ್ಟ್‌ಮೆಂಟಿಗೆ ನೋಂದಾಯಿಸುವ ಡಿಕ್ಲರೇಷನ್ ಪತ್ರದಲ್ಲಿ ಬೇರೆ ಥರ ಹೇಳಿದ್ದರೆ ಮಾತ್ರ ಅದು ಬದಲಾಗುತ್ತದೆ. ಕಟ್ಟಡದ ಕೆಳಗಿನ ಕಂಬಗಳ ನಡುವಿನ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಮುಂಬೈಯ ಒಂದು ಸೊಸೈಟಿಯ ಪ್ರಕರಣ, ಮಹಾರಾಷ್ಟ್ರದ ಕಾಯ್ದೆಯಡಿ ಬಂದದ್ದು. ಹಾಗಾಗಿ ನಿಮ್ಮಲ್ಲಿ 7ನೇ ಜಾಗ ಆ ಸದಸ್ಯರಿಗೆ ಯಾವ ಆಧಾರದ ಮೇಲೆ ಬಂತು ಅನ್ನೋದನ್ನು ಅವರ ಕ್ರಯಪತ್ರ, ಹಂಚಿಕೆ ಪತ್ರ ಮತ್ತು ನಿಮ್ಮ ಡಿಕ್ಲರೇಷನ್ ನೋಡಿದ ಮೇಲೇ ಹೇಳಬೇಕು. ಅಲ್ಲಿಯವರೆಗೆ “ನಿಮಗೆ ಹಂಚಿಕೆಯಾದ ಜಾಗ” ಅಂದರೆ ಸಾಕು. ಸಿಟ್ಟಿನಲ್ಲಿ ಬರೆದ ಒಂದು ಸಾಲನ್ನು ನಾಳೆ ವಕೀಲರು ಕೈಯಲ್ಲಿ ಹಿಡಿದು ಬರಬಹುದು.

ಈ ಉತ್ತರ ಅವರೊಬ್ಬರಿಗೇ ಹೋಗಲಿ. ಆದರೆ ದುಡ್ಡಿನ ಆರೋಪವನ್ನು 24 ಮನೆಯವರೂ ಓದಿದ್ದಾರೆ. ಹಾಗಾಗಿ ಎಲ್ಲರಿಗೂ ಬೇರೆಯಾಗಿ ಎರಡೇ ಸಾಲು ಕಳಿಸಿ: ಪಾರ್ಕಿಂಗ್ ದೂರು ವಿಚಾರಿಸಿದ್ದೇನೆ, ಲೆಕ್ಕದ ಪುಸ್ತಕ ಭಾನುವಾರ 10ಕ್ಕೆ ನೋಡಬಹುದು. ಆ ಸದಸ್ಯರ ಹೆಸರು ಅದರಲ್ಲಿ ಬರಬಾರದು.

ಅವರ ಮುಂದಿನ ಪತ್ರದಲ್ಲಿ ಕಾರು, ವಾಚ್‌ಮನ್, ಸಭೆ ಇವಿಷ್ಟೇ ಇದ್ದರೆ, ಮಾತು ಒರಟಾಗಿದ್ದರೂ ನಿಮ್ಮ ಉತ್ತರ ತಲುಪಿದೆ ಅಂತ ತಿಳಿಯಿರಿ. ಮತ್ತೆ ಬರೀ ಬೈಗುಳವೇ ಬಂದರೆ ಇಮೇಲ್ ನಿಲ್ಲಿಸಿ, ಅಧ್ಯಕ್ಷರನ್ನು ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋಗಿ ಮಾತಾಡಿ. ಅಲ್ಲಿಗೆ ಹೋಗುವಾಗ ವಾಚ್‌ಮನ್ ಪುಸ್ತಕವನ್ನೂ ತೆಗೆದುಕೊಂಡು ಹೋಗಿ.