ನೀಲಿ ಗೆರೆ ಬಂದದ್ದು ಬೇಕ್‌ನಿಂದಲ್ಲ, ಪ್ಯಾಕಿಂಗ್‌ನಿಂದ

ಪ್ರಶ್ನೆ: ಮಾಡೆಲ್ ದೂರ ಹೋದಾಗ ಯುವಿ ಅಂಚಲ್ಲಿ ಬೇರೆ ಬಣ್ಣದ ಗೆರೆ ಕಾಣುತ್ತೆ. ಬೇಕ್ ಮಾರ್ಜಿನ್ ಜಾಸ್ತಿ ಮಾಡಿದ್ರೂ ಹೋಗ್ತಿಲ್ಲ. ಮಿಪ್‌ಮ್ಯಾಪ್ ಆಫ್ ಮಾಡಿಬಿಡ್ಲಾ?

ಮಾಡಬೇಡಿ. ಮಿಪ್‌ಮ್ಯಾಪ್ ತೆಗೆದರೆ ಗೆರೆ ಹೋಗಿ, ದೂರದ ಗೋಡೆಯೆಲ್ಲ ಕ್ಯಾಮೆರಾ ಅಲುಗಿದಾಗ ಮಿನುಗಲು ಶುರುವಾಗುತ್ತೆ. ನಾನೂ ಅದನ್ನೇ ಮಾಡಿ ನೋಡಿದವನು.

ನನ್ನದು ಸಾಲು ಅಂಗಡಿಗಳ ಬೀದಿ, ಎಲ್ಲದಕ್ಕೂ ಸೇರಿ 2048ರ ಒಂದೇ ಅಟ್ಲಾಸ್. ಹತ್ತಿರದಿಂದ ಚೆನ್ನಾಗಿತ್ತು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಸುಣ್ಣದ ಗೋಡೆಯ ಮೂಲೆಯಲ್ಲಿ ತೆಳ್ಳಗೆ ನೀಲಿ ಗೆರೆ. ಬ್ಲೆಂಡರ್‌ನಲ್ಲಿ ಬೇಕ್ ಮಾರ್ಜಿನ್ 16 ಇತ್ತು. 32 ಮಾಡಿದೆ, 64 ಮಾಡಿದೆ. ಗೆರೆ ಕದಲಲಿಲ್ಲ. ಮೂರು ದಿನ ಶೇಡರ್ ಮೇಲೆ ಅನುಮಾನಪಟ್ಟೆ.

ಆ ನೀಲಿ ಎಲ್ಲಿಂದ ಬಂತು ಅಂತ ನಾನು ಕೇಳಿಕೊಂಡೇ ಇರಲಿಲ್ಲ. ಅಟ್ಲಾಸ್ ತೆರೆದು ನೋಡಿದರೆ ಗೋಡೆಯ ಐಲ್ಯಾಂಡ್ ಪಕ್ಕದಲ್ಲೇ ನೀಲಿ ಬಾಗಿಲಿನ ಐಲ್ಯಾಂಡ್, ನಡುವೆ ಬರೀ 4 ಪಿಕ್ಸೆಲ್. ಬೇಕ್ ಮಾರ್ಜಿನ್ ಖಾಲಿ ಜಾಗಕ್ಕೆ ಮಾತ್ರ ಬಣ್ಣ ಹಬ್ಬಿಸುತ್ತೆ, ಪಕ್ಕದ ಐಲ್ಯಾಂಡ್ ಮೇಲೆ ಹತ್ತುವುದಿಲ್ಲ. ನಾನು 64 ಕೇಳಿದರೂ ಗೋಡೆಗೆ ಸಿಕ್ಕಿದ್ದು 2, ಬಾಗಿಲಿಗೆ 2. ದೂರ ಹೋದಷ್ಟೂ ಟೆಕ್ಸ್ಚರ್‌ನ ಇನ್ನೂ ಚಿಕ್ಕ ಪ್ರತಿ, ಅಂದರೆ ಮುಂದಿನ ಮಿಪ್, ಬಳಕೆಯಾಗುತ್ತೆ, ಪ್ರತಿ ಮಿಪ್‌ನಲ್ಲಿ ಅಳತೆ ಅರ್ಧವಾಗುತ್ತೆ: 1024ರಲ್ಲಿ ಆ 2 ಒಂದೇ ಟೆಕ್ಸೆಲ್, 512ರಲ್ಲಿ ಅರ್ಧ. ಅರ್ಧ ಟೆಕ್ಸೆಲ್ ಅನ್ನುವುದು ಇಲ್ಲವಲ್ಲ. ಅಂಚಿನ ಟೆಕ್ಸೆಲ್ ಒಳಗೇ ಸುಣ್ಣವೂ ನೀಲಿಯೂ ಬೆರೆತುಹೋಗುತ್ತೆ. ಬೇಕ್ ಸೆಟ್ಟಿಂಗ್ ಏನೇ ಇದ್ದರೂ ಜಾಗ ಕೊಡಬೇಕಾದದ್ದು ಯುವಿ ಪ್ಯಾಕ್ ಮಾಡುವಾಗ. ಇಷ್ಟು ತಿಳಿಯದೆ ಮೂರು ದಿನ ಕಳೆದೆ.

ಹಾಗಾಗಿ ಮೊದಲು ಗೆರೆಯ ಬಣ್ಣ ನೋಡಿ. ಅಟ್ಲಾಸ್‌ನ ಹಿನ್ನೆಲೆಯ ಬಣ್ಣ, ಅಂದರೆ ಸಾಮಾನ್ಯವಾಗಿ ಕಪ್ಪು, ಕಂಡರೆ ಅಂಚಿನಾಚೆ ಬಣ್ಣ ಹಬ್ಬಿಲ್ಲ. ಬೇಕ್ ಮಾರ್ಜಿನ್ ಸರಿಮಾಡಿ. ಕಪ್ಪು ಹೌದೋ ಅಲ್ಲವೋ ಅನುಮಾನವಿದ್ದರೆ ಹಿನ್ನೆಲೆಗೆ ಕಡು ಗುಲಾಬಿ ತುಂಬಿ ನೋಡಿ, ಗೆರೆಯೂ ಗುಲಾಬಿಯಾದರೆ ಅದೇ. ಪಕ್ಕದ ಐಲ್ಯಾಂಡ್‌ನ ಬಣ್ಣ ಕಂಡರೆ ಮಾರ್ಜಿನ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ, ಮತ್ತೆ ಪ್ಯಾಕ್ ಮಾಡಲೇಬೇಕು. ನಿಮ್ಮದು ಇದೇ ಅಂತ ನನ್ನ ಅಂದಾಜು.

ನಾನು `Pack Islands` ಮತ್ತೆ ಓಡಿಸಿ ಐಲ್ಯಾಂಡ್‌ಗಳ ನಡುವೆ 32 ಪಿಕ್ಸೆಲ್ ಬಿಟ್ಟೆ. ಅಲ್ಲಿನ `Margin` ಸಂಖ್ಯೆಯನ್ನು ನಂಬಬೇಡಿ, ಅದು ಪಿಕ್ಸೆಲ್ ಅಲ್ಲ. ಬೇಕ್ ಆದ ಚಿತ್ರದ ಮೇಲೇ ಎಣಿಸಿ. ಆಮೇಲೆ ಬೇಕ್ ಮಾರ್ಜಿನ್ 16. ಒಂದೊಂದು ಕಡೆಗೆ 16 ಅಂದರೆ ನಾಲ್ಕನೇ ಮಿಪ್‌ವರೆಗೆ, 128ರ ಅಳತೆಯಲ್ಲೂ, ಒಂದು ಟೆಕ್ಸೆಲ್ ಉಳಿಯುತ್ತೆ. ಐಲ್ಯಾಂಡ್‌ಗಳು ಸ್ವಲ್ಪ ಕುಗ್ಗಿದವು, ಗೋಡೆಯ ವಿವರ ತುಸು ಕಮ್ಮಿಯಾಯಿತು. ಅದನ್ನು ಒಪ್ಪಿಕೊಂಡೆ.

ಅದಕ್ಕಿಂತ ಚಿಕ್ಕ ಮಿಪ್‌ಗಳಲ್ಲಿ ಬಣ್ಣ ಬೆರೆಯುವುದನ್ನು ಪ್ಯಾಡಿಂಗ್‌ನಿಂದ ತಡೆಯಲು ಹೋಗಲಿಲ್ಲ, ಅಷ್ಟು ಜಾಗ ಅಟ್ಲಾಸ್‌ನಲ್ಲಿ ಇರಲಿಲ್ಲ. ಬದಲಿಗೆ ಸುಣ್ಣದ ಗೋಡೆಗಳನ್ನೆಲ್ಲ ಒಂದು ಮೂಲೆಗೆ ಸೇರಿಸಿ, ನೀಲಿ ಬಾಗಿಲನ್ನು ಗಾಢ ಬಣ್ಣದ ಕಂಬಗಳ ಜೊತೆಗೆ ಇಟ್ಟೆ. ಅಲ್ಲಿ ಬೆರೆತರೂ ಕಣ್ಣಿಗೆ ಬೀಳುವುದಿಲ್ಲ.