ಬಲ ಸೊನ್ನೆಯಾದ ಮೇಲೂ ಹನಿ ಯಾಕೆ ಬೀಳುತ್ತಲೇ ಇರುತ್ತದೆ?

ಪ್ರಶ್ನೆ: ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದೇನೆ. ಗಾಳಿಯ ತಡೆ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ ಅಂತ ಇಟ್ಟುಕೊಂಡರೆ ಬೀಳುವ ವಸ್ತುವಿನ ಅಂತಿಮ ವೇಗ mg/k ಅಂತ ಕ್ಲಾಸಲ್ಲಿ ಮಾಡಿದ್ದಾರೆ. ಆಗ ಒಟ್ಟು ಬಲ ಸೊನ್ನೆ. ಬಲವೇ ಇಲ್ಲದಿದ್ದರೆ ವಸ್ತು ನಿಲ್ಲಬೇಕಲ್ವಾ? ಆ ವೇಗವನ್ನು ವಸ್ತು ಎಂದೂ ಮುಟ್ಟುವುದಿಲ್ಲ ಅಂತಲೂ ಹೇಳಿದರು. ಮುಟ್ಟದ ವೇಗದಿಂದ ಏನು ಉಪಯೋಗ? ನಮ್ಮ ತೋಟದಲ್ಲಿ ಮರದಿಂದ ಬೀಳುವ ಅಡಿಕೆಗೂ ಇದೇ ಲೆಕ್ಕ ಹಾಕಬಹುದಾ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಬಾವಿಗೆ ಕೊಡಪಾನ ಇಳಿಸುವುದನ್ನು ನೆನೆಸಿಕೊಳ್ಳಿ. ಹಗ್ಗವನ್ನು ಒಂದೇ ಸಮನೆ ಬಿಡುತ್ತಾ ಹೋಗುತ್ತೀರಿ. ಕೊಡಪಾನದ ಭಾರ ಕೆಳಕ್ಕೆ, ಹಗ್ಗದ ಎಳೆತ ಮೇಲಕ್ಕೆ, ಎರಡೂ ಸಮ. ಒಟ್ಟು ಬಲ ಸೊನ್ನೆ. ಆದರೂ ಕೊಡಪಾನ ಇಳಿಯುತ್ತಲೇ ಇರುತ್ತದೆ. ಬಲ ಸೊನ್ನೆ ಅಂದರೆ ವೇಗ ಬದಲಾಗುವುದಿಲ್ಲ ಅಂತ ಅಷ್ಟೇ. ವೇಗವೇ ಇಲ್ಲ ಅಂತ ಅಲ್ಲ. ಇಳಿಯುತ್ತಿರುವ ಕೊಡಪಾನವನ್ನು ನಿಲ್ಲಿಸಬೇಕಾದರೆ ಅದರ ಭಾರಕ್ಕಿಂತ ಜಾಸ್ತಿ ಎಳೆಯಬೇಕು. ಬಾವಿಕಟ್ಟೆಯಲ್ಲಿ ನಿಂತವರ ಕೈಗೆ ಇದು ಚೆನ್ನಾಗಿ ಗೊತ್ತು.

ಕೊಡಪಾನಕ್ಕೂ ಗಾಳಿಯಲ್ಲಿ ಬೀಳುವ ಹನಿಗೂ ಒಂದು ವ್ಯತ್ಯಾಸ ಇದೆ. ಬಾವಿಯಲ್ಲಿ ಎಷ್ಟು ವೇಗದಲ್ಲಿ ಇಳಿಸಬೇಕು ಅಂತ ನೀವೇ ತೀರ್ಮಾನಿಸುತ್ತೀರಿ. ಗಾಳಿಯಲ್ಲಿ ಆ ವೇಗ ತಾನಾಗಿಯೇ ಬಂದು ಕೂರುತ್ತದೆ. ಹೇಗೆ ಅಂತ ಸಮೀಕರಣದಲ್ಲೇ ಕಾಣುತ್ತದೆ. ಕೆಳಮುಖದ ವೇಗ v, ಗಾಳಿಯ ತಡೆ kv ಆಗಿದ್ದರೆ:

m dv/dt = mg − kv

ಇದನ್ನು ಬಿಡಿಸುವಾಗ ಹೆಚ್ಚಿನವರು ನೇರವಾಗಿ ಇಂಟಿಗ್ರೇಷನ್ನಿಗೆ ಇಳಿದು ಲಾಗ್‌ಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ನನಗೆ ಇಷ್ಟವಾದ ದಾರಿ ಬೇರೆ. ಅಂತಿಮ ವೇಗ V = mg/k ಇರಲಿ. ಅದನ್ನು ಮುಟ್ಟಲು ಇನ್ನೂ ಎಷ್ಟು ಬಾಕಿ ಇದೆ ಅಂತ ಲೆಕ್ಕ ಇಡಿ: u = V − v. ಹಾಕಿ ನೋಡಿದರೆ ಸಮೀಕರಣ ಒಂದೇ ಸಾಲಿಗೆ ಇಳಿಯುತ್ತದೆ:

du/dt = −(k/m) u

ಬಾಕಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಅದು ತೀರುತ್ತದೆ. ದೊಡ್ಡ ಬಾಕಿ ಬೇಗ ಬೇಗ ಇಳಿಯುತ್ತದೆ, ಸಣ್ಣದು ನಿಧಾನಕ್ಕೆ. m/k ಎಂಬುದು ಒಂದು ಕಾಲಾವಧಿ. ಅದನ್ನು τ ಎನ್ನೋಣ. ಸ್ಥಿರದಿಂದ ಹೊರಟರೆ u = V e^(−t/τ), ಅಂದರೆ

v = V (1 − e^(−t/τ))

ಒಂದು τ ಕಳೆದಾಗ ಬಾಕಿ 37 ಶೇಕಡಾ. ಮೂರು τ ಕಳೆದಾಗ 5 ಶೇಕಡಾ. ಐದು ಕಳೆದರೆ 1 ಶೇಕಡಕ್ಕಿಂತ ಕಡಿಮೆ. ಪೂರ್ತಿ ಸೊನ್ನೆ ಎಂದೂ ಆಗುವುದಿಲ್ಲ. ನಿಮಗೆ ಕ್ಲಾಸಲ್ಲಿ ಹೇಳಿದ್ದು ಸರಿಯೇ. ಆದರೆ ಅದು ಎಷ್ಟರ ಮಟ್ಟಿಗೆ ಮುಖ್ಯ ಎಂಬುದನ್ನು τ ಎಷ್ಟಿದೆ ಅಂತ ನೋಡಿಯೇ ಹೇಳಬೇಕು.

ಹಾಗಾಗಿ ನಿಮ್ಮ ತೋಟಕ್ಕೇ ಬರೋಣ. ಆದರೆ ಮೊದಲು ಅಡಿಕೆ ಬೇಡ, ಅಡಿಕೆಗೆ ಬಿಡುವ ಮದ್ದು ನೋಡೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವಾಗ ಪಂಪಿನ ನಳಿಕೆಯಿಂದ ಬೇರೆ ಬೇರೆ ಗಾತ್ರದ ಹನಿಗಳು ಬರುತ್ತವೆ. ಗೊನೆಗೆ ಬಡಿದು ತೊಟ್ಟಿಕ್ಕುವ ದೊಡ್ಡ ಹನಿಗಳೂ ಇರುತ್ತವೆ, ಮಂಜಿನ ಹಾಗೆ ತೇಲುವ ಸಣ್ಣವೂ ಇರುತ್ತವೆ. ಆ ಸಣ್ಣವುಗಳಲ್ಲಿ ಒಂದನ್ನು ಹಿಡಿಯೋಣ. ವ್ಯಾಸ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಹೆಚ್ಚುಕಡಿಮೆ ತಲೆಕೂದಲಿನ ದಪ್ಪ.

ಇಷ್ಟು ಸಣ್ಣ ಗೋಲಕ್ಕೆ k ಎಷ್ಟು ಅಂತ ಸ್ಟೋಕ್ಸ್ 1851ರಲ್ಲೇ ಕಂಡುಹಿಡಿದಿದ್ದರು: k = 6πηr. ಇಲ್ಲಿ η ಗಾಳಿಯ ಸ್ನಿಗ್ಧತೆ, 1.8 × 10⁻⁵ Pa s. r = 25 ಮೈಕ್ರಾನ್ ಹಾಕಿದರೆ k = 8.5 × 10⁻⁹ kg/s. ಹನಿಯ ದ್ರವ್ಯರಾಶಿಗೆ ನೀರಿನ ಸಾಂದ್ರತೆಯೇ ಸಾಕು, m = 6.5 × 10⁻¹¹ kg. ಗಾಳಿಯ ಮೇಲ್ನೂಕು ಸಾವಿರದಲ್ಲಿ ಒಂದು ಪಾಲು, ಅದನ್ನು ಬಿಟ್ಟುಬಿಡಿ. ಭಾಗಿಸಿ:

τ = m/k = 0.0077 s
V = gτ = 0.076 m/s

ಸೆಕೆಂಡಿಗೆ ಏಳೂವರೆ ಸೆಂಟಿಮೀಟರು. ಅದನ್ನು ಹೆಚ್ಚುಕಡಿಮೆ ಮುಟ್ಟಲು ಐದು τ, ಅಂದರೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ಅಷ್ಟರಲ್ಲಿ ಹನಿ ಇಳಿದ ದೂರ ಬರೀ 2.3 ಮಿಲಿಮೀಟರ್. 12 ಮೀಟರ್ ಎತ್ತರದ ಮರದ ತುದಿಯಿಂದ ಹೊರಟರೆ ಮೊದಲ ಎರಡು ಮೂರು ಮಿಲಿಮೀಟರ್ ಮಾತ್ರ ವೇಗ ಕೂಡಿಸಿಕೊಳ್ಳುವ ಕೆಲಸ. ಉಳಿದ ದಾರಿಯೆಲ್ಲ ಒಂದೇ ವೇಗ. ಇಪ್ಪತ್ತು τ ಆಗುವಾಗ ಉಳಿಯುವ ಬಾಕಿ ಎಷ್ಟು ಸಣ್ಣದೆಂದರೆ, ಗಾಳಿಯ ಅಣುಗಳು ಆ ಹನಿಯನ್ನು ಆಚೀಚೆ ತಳ್ಳಾಡುವುದೇ ಅದಕ್ಕಿಂತ ಜಾಸ್ತಿ. ಹಾಗಾಗಿ ‘ಎಂದೂ ಮುಟ್ಟುವುದಿಲ್ಲ’ ಎಂಬುದು ಕಾಗದದ ಮೇಲಿನ ಮಾತು. ತೋಟದಲ್ಲಿ ಅದನ್ನು ಯಾರೂ ಅಳೆದು ತೋರಿಸಲಾರರು.

V = gτ ಎಂಬ ಸಾಲನ್ನು ಇನ್ನೊಮ್ಮೆ ನೋಡಿ. ಪುಸ್ತಕಗಳಲ್ಲಿ ಇದಕ್ಕೆ ಜಾಸ್ತಿ ಜಾಗ ಸಿಗುವುದಿಲ್ಲ, ನನಗೆ ಮಾತ್ರ ಇಡೀ ವಿಷಯದ ತಿರುಳೇ ಇದು. ಗಾಳಿ ಇಲ್ಲದಿದ್ದರೆ τ ಅವಧಿಯಲ್ಲಿ ಹನಿ ಎಷ್ಟು ವೇಗ ಗಳಿಸುತ್ತಿತ್ತೋ ಅದೇ ಅದರ ಅಂತಿಮ ವೇಗ. τ ಅಂದರೆ ಹನಿಯ ನೆನಪಿನ ಅವಧಿ ಅಂತಲೂ ಅನ್ನಬಹುದು. ಅದು ಹೇಗೆ ಹೊರಟಿತು ಎಂಬುದು ಕೆಲವು τ ಕಳೆದ ಮೇಲೆ ಲೆಕ್ಕಕ್ಕೇ ಬರುವುದಿಲ್ಲ. ನಳಿಕೆಯನ್ನು ಕೆಳಗೆ ತಿರುಗಿಸಿ ರಭಸದಿಂದ ಬಿಟ್ಟರೆ? ಆಗ ಬಾಕಿ ಋಣ ಸಂಖ್ಯೆ, ಅಂದರೆ ಹನಿ V ಗಿಂತ ವೇಗವಾಗಿ ಹೊರಟಿದೆ. ತಡೆ ಭಾರಕ್ಕಿಂತ ಹೆಚ್ಚಾಗಿ ಹನಿ ನಿಧಾನವಾಗುತ್ತದೆ, ಅದೇ V ಗೆ ಬಂದು ಕೂರುತ್ತದೆ. ಅಂತಿಮ ವೇಗ ಅಂದರೆ ಗರಿಷ್ಠ ವೇಗ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುವವರು ಇದನ್ನು ಗಮನಿಸಬೇಕು. ಸ್ಥಿರದಿಂದ ಬಿಟ್ಟರೆ ಮಾತ್ರ ಅದು ಮಿತಿ.

ಶಕ್ತಿಯ ಕಡೆಯಿಂದ ನೋಡಿದರೂ ಇದೇ ಕಥೆ. ಸಮ ವೇಗದಲ್ಲಿ ಇಳಿಯುವ ಹನಿಗೆ ಭೂಮಿಯ ಸೆಳೆತ ಪ್ರತಿ ಸೆಕೆಂಡಿಗೆ mgV ಯಷ್ಟು ಶಕ್ತಿ ಕೊಡುತ್ತದೆ. ಹನಿ ಅದರಲ್ಲಿ ಒಂದು ಪೈಸೆಯನ್ನೂ ಉಳಿಸಿಕೊಳ್ಳುವುದಿಲ್ಲ. ಎಲ್ಲವೂ ಗಾಳಿಗೆ ಹೋಗಿ, ಕೊನೆಗೆ ಬಿಸಿಯಾಗಿ ಸೇರುತ್ತದೆ.

ಇನ್ನು ಗಾತ್ರ. m ನಲ್ಲಿ r³ ಇದೆ, k ಯಲ್ಲಿ r ಇದೆ. ಭಾಗಿಸಿದರೆ V ಗೆ r² ಉಳಿಯುತ್ತದೆ. ಹನಿಯ ದಪ್ಪ ಅರ್ಧವಾದರೆ ವೇಗ ನಾಲ್ಕರಲ್ಲಿ ಒಂದು. ನಮ್ಮ 50 ಮೈಕ್ರಾನ್ ಹನಿಗೆ 12 ಮೀಟರ್ ಇಳಿಯಲು 160 ಸೆಕೆಂಡ್ ಬೇಕು. 25 ಮೈಕ್ರಾನಿನದಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ. ಸೆಕೆಂಡಿಗೆ ಒಂದು ಮೀಟರಿನ ಸಣ್ಣ ಗಾಳಿ ಇದ್ದರೂ ಮೊದಲನೆಯದು 160 ಮೀಟರ್ ಆಚೆಗೆ ಹೋಗಿ ಬೀಳುತ್ತದೆ. ಬಿಸಿಲಿದ್ದರೆ ದಾರಿಯಲ್ಲೇ ಆರಿ ಇನ್ನೂ ಸಣ್ಣದಾಗುತ್ತದೆ, ಇನ್ನೂ ದೂರ ಹೋಗುತ್ತದೆ. ಒಮ್ಮೆ ಆಚೆ ತೋಟದಲ್ಲಿ ಮದ್ದು ಬಿಡುತ್ತಿದ್ದಾಗ ನಮ್ಮ ಅಂಗಳದಲ್ಲಿ ಒಣಹಾಕಿದ್ದ ಬಿಳಿ ಪಂಚೆಯ ಮೇಲೆ ಸಾಸಿವೆಗಿಂತ ಸಣ್ಣ ತಿಳಿನೀಲಿ ಚುಕ್ಕೆಗಳು ಬಿದ್ದಿದ್ದವು. ನಡುವೆ ಒಂದು ಗದ್ದೆ, ಒಂದು ತೋಡು. ಅಮ್ಮ ಅವರಿಗೆ ಬೈದರು. ನಾನು r² ಗೆ ಬೈದೆ.

ಈಗ ನಿಮ್ಮ ಅಡಿಕೆ. ಹಣ್ಣಡಿಕೆಯನ್ನು 4 ಸೆಂ.ಮೀ. ದಪ್ಪದ, ನೀರಿನಷ್ಟೇ ಸಾಂದ್ರತೆಯ ಉಂಡೆ ಅಂದುಕೊಳ್ಳಿ. ಹನಿಯ 800 ಪಟ್ಟು ದಪ್ಪ. ವೇಗ 800 × 800 ಪಟ್ಟು ಆಗಬೇಕು. ಗುಣಿಸಿದರೆ ಸೆಕೆಂಡಿಗೆ 48 ಕಿಲೋಮೀಟರ್! ಭೂಮಿಯ ಸೆಳೆತ ತಪ್ಪಿಸಿಕೊಂಡು ಹೋಗಲು ಬೇಕಾದದ್ದು 11 ಮಾತ್ರ. ಎಲ್ಲೋ ತಪ್ಪಿದೆ ಅಂತ ಇದೇ ಹೇಳುತ್ತದೆ. ತಪ್ಪು ಲೆಕ್ಕದಲ್ಲಿಲ್ಲ, kv ಎಂಬ ಊಹೆಯಲ್ಲಿದೆ.

ಸಣ್ಣ ಹನಿ ನಿಧಾನವಾಗಿ ಇಳಿಯುವಾಗ ಗಾಳಿ ಮೆತ್ತಗೆ ಎರಡು ಪಾಲಾಗಿ, ಹಿಂದೆ ಮತ್ತೆ ಕೂಡಿಕೊಳ್ಳುತ್ತದೆ. ತಡೆಯೆಲ್ಲ ಗಾಳಿಯ ಅಂಟಿನಿಂದ ಬರುವುದು. ಅದು ವೇಗಕ್ಕೆ ತಕ್ಕಂತೆ ಇರುತ್ತದೆ. ಅಡಿಕೆ ಬೀಳುವಾಗ ಎದುರಿನ ಗಾಳಿಯನ್ನು ಅದು ನೂಕಿ ಎಸೆಯಬೇಕಾಗುತ್ತದೆ, ಹಿಂದೆ ಸುಳಿಗಳೇಳುತ್ತವೆ. ಅಲ್ಲಿ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಯಾವುದು ಎಲ್ಲಿ ಅಂತ ತಿಳಿಯಲು ರೆನಾಲ್ಡ್ಸ್ ಸಂಖ್ಯೆ ಇದೆ: Re = ρvd/η, ಇಲ್ಲಿ ρ ಗಾಳಿಯ ಸಾಂದ್ರತೆ, d ವ್ಯಾಸ. ಉತ್ತರ ಸಿಕ್ಕಿದ ಮೇಲೆ ಆ ವೇಗವನ್ನೇ ಇದರಲ್ಲಿ ಹಾಕಿ ನೋಡಿ. 1ಕ್ಕಿಂತ ಕಡಿಮೆ ಬಂದರೆ kv ನಂಬಬಹುದು. ನಮ್ಮ ಹನಿಗೆ 0.25 ಬರುತ್ತದೆ, ತೊಂದರೆ ಇಲ್ಲ. 100 ಮೈಕ್ರಾನಿನ ಹನಿಗೆ 2 ಬರುತ್ತದೆ, ಸೂತ್ರ ಹೇಳುವ ಸೆಕೆಂಡಿಗೆ 30 ಸೆಂ.ಮೀ. ಬದಲು ನಿಜಕ್ಕೂ 25ರ ಆಸುಪಾಸು ಇರುತ್ತದೆ. ಸೆಕೆಂಡಿಗೆ 15 ಮೀಟರಿನಲ್ಲಿ ಬೀಳುವ ಅಡಿಕೆಗೆ 40,000! ವರ್ಗದ ಲೆಕ್ಕದಲ್ಲಿ ಅಡಿಕೆಯ ಅಂತಿಮ ವೇಗ ಸೆಕೆಂಡಿಗೆ 30 ಮೀಟರಿನ ಆಸುಪಾಸು ಬರುತ್ತದೆ. ಆದರೆ ಅಷ್ಟು ವೇಗ ಗಳಿಸಲು 12 ಮೀಟರಿನ ಮರ ಸಾಲದು. ಅರ್ಧದಷ್ಟೂ ಆಗುವ ಹೊತ್ತಿಗೆ ಅಡಿಕೆ ನೆಲಕ್ಕೆ ಬಂದಾಗಿರುತ್ತದೆ.

ಕಣ್ಣಾರೆ ನೋಡಬೇಕು ಅಂತಿದ್ದರೆ ಗಾಳಿ ಬಿಡಿ, ಎಣ್ಣೆ ಹಿಡಿಯಿರಿ. ಮನೆಯಲ್ಲಿ ತೆಂಗಿನೆಣ್ಣೆ ಇದ್ದೇ ಇರುತ್ತದೆ, ಆದರೆ ಅದು ಈ ಕೆಲಸಕ್ಕೆ ತೆಳ್ಳಗಾಯಿತು. 2 ಮಿ.ಮೀ. ಉಕ್ಕಿನ ಗುಂಡು ಅದರಲ್ಲಿ ಸರ್ರನೆ ಇಳಿಯುತ್ತದೆ, Re ಹತ್ತರ ಆಸುಪಾಸಿಗೆ ಹೋಗುತ್ತದೆ. ಹರಳೆಣ್ಣೆಯಲ್ಲಿ ಅದೇ ಗುಂಡು ಸೆಕೆಂಡಿಗೆ ಎರಡು ಸೆಂಟಿಮೀಟರಿನಷ್ಟು ಮಾತ್ರ. ಉದ್ದ ಗಾಜಿನ ಜಾಡಿಗೆ ಸಮ ಅಂತರದಲ್ಲಿ ನಾಲ್ಕು ದಾರ ಕಟ್ಟಿ. ಗುಂಡನ್ನು ಜಾಡಿಯ ನಡುಮಧ್ಯೆ ಬಿಡಿ, ಗೋಡೆಯ ಹತ್ತಿರ ಬಿಟ್ಟರೆ ನಿಧಾನವಾಗುತ್ತದೆ. ಪ್ರತಿ ದಾರದ ನಡುವೆ ತೆಗೆದುಕೊಂಡ ಸಮಯ ಒಂದೇ ಬಂದರೆ ಅದು ಅಂತಿಮ ವೇಗ. ಇಲ್ಲಿ ಮೇಲ್ನೂಕನ್ನು ಮಾತ್ರ ಬಿಡುವ ಹಾಗಿಲ್ಲ. ಗುಂಡಿನ ಸಾಂದ್ರತೆಯಿಂದ ಎಣ್ಣೆಯ ಸಾಂದ್ರತೆ ಕಳೆದೇ ಲೆಕ್ಕ ಮಾಡಬೇಕು. ಎಲ್ಲ ಅಳತೆಯನ್ನೂ ಒಂದೇ ಹೊತ್ತಿಗೆ ಮುಗಿಸಿ. 20 ಡಿಗ್ರಿಯಿಂದ 30 ಡಿಗ್ರಿಗೆ ಬರುವಾಗ ಹರಳೆಣ್ಣೆಯ ಸ್ನಿಗ್ಧತೆ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ ತೆಗೆದ ರೀಡಿಂಗೂ ಮಧ್ಯಾಹ್ನ ತೆಗೆದದ್ದೂ ತಾಳೆಯಾಗಲಿಲ್ಲ ಅಂತ ಗುಂಡನ್ನು ದೂರಬೇಡಿ.